ಲೈನಿನ ಗೋಡೆಯ ಚೀಟಿ

ಚಿಕ್ಕಮಗಳೂರಿನಲ್ಲಿ ನಾನು ಬ್ಯಾಂಕ್ ಪರೀಕ್ಷೆಗೆ ಕೋಚಿಂಗ್ ಕೊಡುತ್ತಿದ್ದ ವರ್ಷಗಳವು. ಒಂದು ದಿನ ತರ್ಕದ ಪಾಠಕ್ಕೆ ಬೋರ್ಡಿನ ಮೇಲೆ ಹೇಳಿಕೆಯೊಂದನ್ನು ಬರೆದೆ. ಕಾಫಿ ತೋಟದ ಆಳುಗಳ ಸಾಲುಮನೆಗಳ, ಅಂದರೆ ಲೈನಿನ, ಗೋಡೆಗೆ ಅಂಟಿಸಿದ ಚೀಟಿ ಅದು: ‘ನಾಳೆಯಿಂದ ಏಳು ಗಂಟೆಯೊಳಗೆ ಬಾರದವರಿಗೆ ಕೆಲಸವಿಲ್ಲ.’ ಕೆಳಗೆ ಒಂದು ಊಹೆ: ‘ಚೀಟಿಯ ವಿಷಯ ಆಳುಗಳಿಗೆ ತಿಳಿಯುತ್ತದೆ.’ ಹೇಳಿಕೆಯಲ್ಲಿ ಈ ಊಹೆ ಅಡಗಿದೆಯೇ, ಇಲ್ಲವೇ?

ಎಲ್ಲರೂ ಅಡಗಿದೆ ಎಂದರು. ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ಮಾತ್ರ ಇಲ್ಲ ಎಂದು ಬರೆದಿದ್ದಳು.

“ನಮ್ಮ ಲೈನಲ್ಲೂ ಇಂಥದೇ ಚೀಟಿ ಅಂಟಿಸಿದ್ರು ಮೇಡಂ, ಓದಕ್ಕೆ ಯಾರಿಗೂ ಬರ್ತಿರ್ಲಿಲ್ಲ. ಅಮ್ಮ ಏಳೂವರೆಗೆ ಹೋಗಿ ಕೆಲಸ ಸಿಗದೆ ಹಾಗೇ ವಾಪಸ್ ಬಂದಿದ್ರು.”

ನನಗೆ ರೇಗಿತು. “ನಿಜ ಏನು ಅಂತ ಕೇಳಿಲ್ಲ ಕಣಮ್ಮ. ಅಂಟಿಸಿದವ್ರು ಏನು ಅಂದ್ಕೊಂಡಿದ್ರು ಅನ್ನೋದಷ್ಟೇ ಪ್ರಶ್ನೆ. ತಿಳಿಯಲ್ಲ ಅಂದ್ಕೊಂಡಿದ್ರೆ ಯಾಕೆ ಅಂಟಿಸ್ತಿದ್ರು? ಊಹೆ ಸುಳ್ಳಾದ್ರೂ ಅಡಗಿರುತ್ತೆ.”

ಅವಳು ಉತ್ತರ ತಿದ್ದಿಕೊಂಡಳು. ಆಮೇಲೆ ಮೆಲ್ಲಗೆ, “ಒಂದ್ಸಲ ನಮ್ಮನ್ನ ಕೇಳಬಹುದಿತ್ತಲ್ಲ ಮೇಡಂ, ಅಂಟಿಸಿದವ್ರು” ಎಂದಳು.

ಪಾಠದ ಪ್ರಕಾರ ನಾನು ಹೇಳಿದ್ದೇ ಸರಿ. ಆದರೆ ಆ ಚೀಟಿ ನನ್ನ ಕಲ್ಪನೆಯದಲ್ಲ. ಮಲ್ಲಂದೂರಿನ ತೋಟವೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪ ಅಂಥ ಚೀಟಿಗಳನ್ನು ಬರೆಯುತ್ತಿದ್ದರು. ಗಂಜಿ ಸವರಿ ಲೈನಿನ ಗೋಡೆಗೆ ಅಂಟಿಸಿ ಬರುತ್ತಿದ್ದವಳು ನಾನು.