ಬರಹದ ಕೆಳಗಿನ ಅಂಗಡಿ

ಅಣ್ಣನ ಅಂಗಡಿ ಮುಚ್ಚಿಸಿದವನು ನಾನು. ಮೈಸೂರಿನ ಷೋರೂಮಿನವರು ಮುಚ್ಚಿಸಿದರು ಎಂದು ಮನೆಯಲ್ಲಿ ಹೇಳಿಕೊಳ್ಳುತ್ತೇವೆ. ಹಾಗೆ ಹೇಳಿಕೊಂಡರೆ ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ಸಲೀಸು. ಆದರೆ ಆ ಷೋರೂಮಿನ ಬೋರ್ಡನ್ನು ನನ್ನ ಬ್ಲಾಗಿನೊಳಕ್ಕೆ ಬಿಟ್ಟುಕೊಂಡವನು ನಾನೇ, ಅದಕ್ಕೆ ಬಾಡಿಗೆ ಎಷ್ಟು ಬಂತೆಂದು ದಿನಾ ನೋಡುತ್ತಿದ್ದವನೂ ನಾನೇ.

ನಾವು ಅಕ್ಕಸಾಲಿಗರು. ತೊಂಬತ್ತರ ದಶಕದಲ್ಲಿ ಅಪ್ಪ ನಾಗಮಂಗಲದ ಮನೆಯ ಜಗಲಿಯಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಅಣ್ಣ ಅವರ ಎದುರಿಗೆ ಕೂತು ಊದುಗೊಳವೆ ಹಿಡಿದು ಕಲಿತ. ನನಗೆ ಕೈ ಕೂಡಲಿಲ್ಲ. ನಾನು ಬೆಸುಗೆ ಹಾಕಿದರೆ ಒಡವೆಗಿಂತ ಬೆಸುಗೆಯೇ ಎದ್ದು ಕಾಣುತ್ತಿತ್ತು. ಅಪ್ಪ ಹೋದ ಮೇಲೆ ಅಣ್ಣ ಕೆ.ಆರ್. ಪೇಟೆಯಲ್ಲಿ ಒಂದು ಸಣ್ಣ ಮಳಿಗೆ ಹಿಡಿದ. ನಾನು ಪಾಂಡವಪುರದಲ್ಲಿ ಲಗ್ನಪತ್ರಿಕೆ, ತಿಥಿ ಕಾರ್ಡು ಟೈಪು ಮಾಡಿಕೊಡುವ ಡಿಟಿಪಿ ಅಂಗಡಿ ಇಟ್ಟೆ. ಎಷ್ಟೋ ವರ್ಷ ಹಾಗೇ ಕಳೆಯಿತು. ಕೈಯಲ್ಲಿ ಕಂಪ್ಯೂಟರಿತ್ತು, ಮಧ್ಯಾಹ್ನದ ಹೊತ್ತು ಗಿರಾಕಿ ಇರುತ್ತಿರಲಿಲ್ಲ. ಬ್ಲಾಗು ಹುಟ್ಟಿದ್ದು ಹಾಗೆ.

ಬರೆಯುತ್ತಿದ್ದವನು ನಾನು, ಆದರೆ ಬ್ಲಾಗಿನ ತುಂಬ ಇದ್ದದ್ದು ಅಣ್ಣ. ಭಾನುವಾರ ಕೆ.ಆರ್. ಪೇಟೆಗೆ ಹೋಗಿ ಅವನ ಪಕ್ಕ ಕೂತು ಫೋಟೊ ಹಿಡಿಯುತ್ತಿದ್ದೆ. ಒರೆಗಲ್ಲಿನ ಮೇಲೆ ಉಜ್ಜಿದರೆ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ. ವೇಸ್ಟೇಜು ಎಂದು ಹಿಡಿಯುವುದು ಯಾವುದಕ್ಕೆ. ಅಪ್ಪ ಕತ್ತಿನ ಅಡ್ಡಿಕೆಗೆ ಕಲ್ಲು ಕೂರಿಸುತ್ತಿದ್ದ ಬಗೆ. ದಿನಕ್ಕೆ ನೂರು ಜನ ಓದುತ್ತಿದ್ದರು, ಮದುವೆ ಕಾಲದಲ್ಲಿ ಇನ್ನೂರು ಮುನ್ನೂರು. ಬಹಳ ಜನ ಅಲ್ಲ. ಆದರೆ ಓದಿದವರು ಪೂರ್ತಿ ಓದುತ್ತಿದ್ದರು, ಕೆಳಗೆ ಪ್ರಶ್ನೆ ಕೇಳುತ್ತಿದ್ದರು, ಅಣ್ಣನ ಉತ್ತರ ಬರುವವರೆಗೂ ಬಿಡುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಬ್ಲಾಗಿನ ಹೆಸರಿಗೂ ಜಾಗಕ್ಕೂ ದುಡ್ಡು ಕಟ್ಟಬೇಕಿತ್ತು. ಮೂರನೇ ವರ್ಷ ಕಟ್ಟುವಾಗ ನನಗೆ ಸಿಟ್ಟು ಬಂತು. ಇಷ್ಟು ಬರೆದು ಕೈಯಿಂದಲೇ ಕಳಕೊಳ್ಳುವುದೇನು ಎಂದು ದಾರಿ ಹುಡುಕಿದೆ. ಮೂರು ದಾರಿ ಇದ್ದವು. ಪುಟದಲ್ಲಿ ಜಾಹೀರಾತಿಗೆ ಜಾಗ ಬಿಡುವುದು ಒಂದು. ಯಾವುದಾದರೂ ಸಾಮಾನಿನ ಲಿಂಕು ಹಾಕಿ, ಅದರಿಂದ ಹೋದವರು ಕೊಂಡರೆ ಕಮಿಷನ್ ತೆಗೆದುಕೊಳ್ಳುವುದು ಇನ್ನೊಂದು. ಓದುವವರನ್ನೇ ಸದಸ್ಯರನ್ನಾಗಿ ಮಾಡಿಕೊಂಡು ತಿಂಗಳಿಗೆ ಇಷ್ಟು ಎಂದು ಕೇಳುವುದು ಮೂರನೆಯದು.

ಮೊದಲು ಲಿಂಕಿನ ದಾರಿ ಹಿಡಿದೆ. ಆನ್‌ಲೈನಿನಲ್ಲಿ ಚಿನ್ನ ತೂಗುವ ಪುಟ್ಟ ತಕ್ಕಡಿ ಮಾರುತ್ತಿದ್ದರು, ಅಂಗೈಯಗಲ. ಒಂದನ್ನು ತರಿಸಿ ಅಣ್ಣನ ಮುಂದಿಟ್ಟೆ. ಅವನು ಒಂದೇ ಉಂಗುರವನ್ನು ಮೂರು ಸಲ ತೂಗಿದ. ಮೂರು ಸಲಕ್ಕೂ ಬೇರೆ ಬೇರೆ ತೂಕ.

"ಇದ್ನ ತಗಳಿ ಅಂತ ಬರೀತೀಯೇನ್ಲಾ? ನನ್ ಎಸ್ರು ಬೇರೆ ಆಕ್ತೀಯ."

"ಬರೆಯಲ್ಲ ಬುಡು" ಎಂದೆ.

ನಾವೇ ನೋಡಿ ಒಪ್ಪದ ಸಾಮಾನನ್ನು ಜನರಿಗೆ ಹೇಳಬಾರದು ಎಂಬ ನಿಯತ್ತು ಅಂದು ನನಗಿತ್ತು. ಅದನ್ನು ಬ್ಲಾಗಿನಲ್ಲೂ ಬರೆದುಕೊಂಡೆ. ಭೂತಗನ್ನಡಿಯ ಲಿಂಕೊಂದನ್ನು ಮಾತ್ರ ಉಳಿಸಿದೆ, ಅದು ಅಣ್ಣ ಬಳಸುತ್ತಿದ್ದದ್ದೇ. ಲಿಂಕು ಒತ್ತಿ ನೋಡಿದವರಿಗೆ ಲೆಕ್ಕವಿಲ್ಲ, ಕೊಂಡವರು ಇಬ್ಬರು. ಮಿಕ್ಕವರು ಬೆಲೆ ತಿಳಿದುಕೊಂಡು ಪೇಟೆಯಲ್ಲಿ ಕೊಂಡಿರಬೇಕು.

ಆಗಲೇ ಶ್ರೀರಂಗಪಟ್ಟಣದ ನಿವೃತ್ತ ಮೇಷ್ಟ್ರೊಬ್ಬರು ಫೋನು ಮಾಡಿದ್ದು. ಅವರು ಮೊದಲ ದಿನದಿಂದ ಓದುತ್ತಿದ್ದವರು. "ತಿಂಗ್ಳಿಗೆ ಇಷ್ಟು ಅಂತ ಇಡಿ, ಕೊಡ್ತೀವಿ. ಅದಕ್ಕೆ ಬದ್ಲು ನಿಮ್ಮಣ್ಣ ಒಂದೊಂದು ಒಡವೆ ಮಾಡೋದನ್ನ ವಿಡಿಯೊ ಮಾಡಿ ತೋರ್ಸಿ. ನನ್ನಂಥೋರು ಇಪ್ಪತ್ತು ಜನ ಆದ್ರೂ ಸಿಕ್ತಾರೆ" ಎಂದರು. ಇಪ್ಪತ್ತು ಜನ! ನಗು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆ ಬಂತು. ಓದುವವರ ಮುಂದೆ ಕೈ ಚಾಚುವುದು ಹೇಗೆ?

ಅಣ್ಣನಿಗೆ ಅದು ಅರ್ಥವೇ ಆಗಲಿಲ್ಲ. "ಕೇಳಿದ್ರೇನ್ಲಾ ತಪ್ಪು? ನಾನು ಮಾಡಿದ್ ಕೆಲಸಕ್ಕೆ ಕೂಲಿ ಕೇಳಾಕಿಲ್ವಾ? ಬೇಕಾದೋರು ಕೊಡ್ತಾರೆ, ಬ್ಯಾಡದೋರು ಓಯ್ತಾರೆ."

ನಾನು ಕೇಳಲಿಲ್ಲ. ಜಾಹೀರಾತಿನಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಕಂಪನಿಯವರು ಕೊಟ್ಟ ನಾಲ್ಕು ಸಾಲಿನ ಕೋಡನ್ನು ಪುಟದಲ್ಲಿ ಅಂಟಿಸಿದರೆ ಆಯಿತು, ಮಿಕ್ಕದ್ದು ಅವರೇ ನೋಡಿಕೊಳ್ಳುತ್ತಾರೆ. ಪ್ರತಿ ಬರಹ ಮುಗಿದ ತಕ್ಷಣ ಕೆಳಗೆ ಒಂದು ದೊಡ್ಡ ಚೌಕ ಬರುವಂತೆ ಇಟ್ಟೆ. ನನ್ನಷ್ಟು ಓದುಗರಿರುವವರಿಗೆ ಅದರಿಂದ ಬರುವುದು ಚಿಲ್ಲರೆ. ಒಂದು ಮಟ್ಟ ಮುಟ್ಟುವ ತನಕ ಅದನ್ನೂ ಕೈಗೆ ಕೊಡುವುದಿಲ್ಲ. ಅದಕ್ಕೂ ಮುಂಚೆ, ಒಂದಿಷ್ಟು ಸೇರಿದಾಗ, ವಿಳಾಸ ಖಾತ್ರಿ ಮಾಡಿಕೊಳ್ಳಲು ಗುಟ್ಟಿನ ಅಂಕಿ ಇರುವ ಕಾಗದವೊಂದು ಹೊರದೇಶದಿಂದ ಅಂಚೆಯಲ್ಲಿ ಬರುತ್ತದೆ. ನನಗೆ ಅದು ಬರಲು ತಿಂಗಳುಗಟ್ಟಲೆ ಹಿಡಿಯಿತು. ಬಂದದ್ದನ್ನು ಅಣ್ಣನಿಗೆ ತೋರಿಸಿದೆ. ಅವನು ಕೈ ಒರೆಸಿಕೊಂಡು ಇಸಿದುಕೊಂಡ.

"ಅಪ್ಪನ ಕೆಲಸ ಫಾರಿನ್ನೋರ್ಗೂ ಗೊತ್ತಾಯ್ತು ಕಣ್ಲಾ" ಎಂದ. ನಿಜವಾಗಿಯೂ ಖುಷಿಪಟ್ಟ.

ನನ್ನ ಕಂಪ್ಯೂಟರಿನಲ್ಲಿ ನೋಡಿದಾಗ ಆ ಚೌಕದಲ್ಲಿ ಪ್ರಿಂಟರಿನ ಇಂಕು, ಕಾಗದದ ಜಾಹೀರಾತು ಕಾಣುತ್ತಿತ್ತು. ನಾನು ಹುಡುಕುತ್ತಿದ್ದದ್ದು ಅದನ್ನೇ ಅಲ್ಲವೆ. ನೋಡುವವರು ಯಾರು, ಎಲ್ಲಿಯವರು, ಓದುತ್ತಿರುವ ಪುಟ ಯಾವುದರ ಬಗ್ಗೆ ಎಂಬುದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಜಾಹೀರಾತು ಬರುತ್ತದೆ ಎಂದು ನನಗೆ ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು. ಖಾತೆಯೊಳಗೆ, ಯಾವ ಬಗೆಯ ಜಾಹೀರಾತು ಬೇಡವೋ ಅದನ್ನು ತಡೆಯುವ ಪುಟವಿದೆ. ಬಗೆಬಗೆಯ ಹೆಸರು, ಪಕ್ಕದಲ್ಲಿ ಅದರಿಂದ ಬಂದ ಗಳಿಕೆಯ ಪಾಲು, ಅದರ ಪಕ್ಕ ಒಂದು ಗುಂಡಿ. ಒಂದು ದಿನ ಅದನ್ನು ತೆರೆದೆ. ಒಡವೆ ಎಂಬ ಸಾಲಿನ ಮುಂದಿದ್ದ ಪಾಲು ಎಲ್ಲಕ್ಕಿಂತ ದೊಡ್ಡದು. ಷೋರೂಮುಗಳು ನನ್ನ ಪುಟದೊಳಕ್ಕೆ ಬಂದು ಕೂತಿವೆ ಎಂದು ಆಗಲೇ ತಿಳಿಯಿತು. ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ಒತ್ತಿದರೆ ಇರುವ ಚಿಲ್ಲರೆಯಲ್ಲೂ ಅರ್ಧ ಹೋಗುತ್ತದಲ್ಲ ಎಂದು ಪುಟ ಮುಚ್ಚಿದೆ. ತಕ್ಕಡಿಯ ವಿಷಯದಲ್ಲಿ ಅಷ್ಟು ನಿಯತ್ತು ತೋರಿಸಿದವನು ಇಲ್ಲಿ ಮೂರು ಕಾಸಿಗೆ ಬಾಯಿ ಬಿಟ್ಟೆ.

ಆ ವರ್ಷ ಅಣ್ಣನ ಕೆಲಸ ತೀರಾ ಇಳಿದುಹೋಗಿತ್ತು. ಕೊಂಡಿ ಬಿಟ್ಟ ಸರ, ಬಣ್ಣ ಹೋದ ಗೆಜ್ಜೆ, ಅಷ್ಟೇ. ಮಳಿಗೆ ಬಿಡಬೇಕೋ ಉಳಿಸಿಕೊಳ್ಳಬೇಕೋ ಎಂದು ತೂಗುಯ್ಯಾಲೆಯಲ್ಲಿದ್ದಾಗ ಮಾಕವಳ್ಳಿಯ ಹೆಂಗಸೊಬ್ಬರು ಮಗಳ ಮದುವೆಯ ಒಡವೆಯನ್ನೆಲ್ಲ ಅವನಿಗೇ ಹೇಳಿದರು. ಅವರ ಮದುವೆಯ ಅಡ್ಡಿಕೆ ಮಾಡಿದ್ದವರು ನಮ್ಮ ಅಪ್ಪ. ಅದಕ್ಕೆ ಮೆರುಗು ಹಾಕಿ ಮಗಳಿಗೆ ಕೊಡುವುದು, ಜೊತೆಗೆ ಬಳೆ, ಉದ್ದನೆಯ ಸರ ಹೊಸದಾಗಿ ಮಾಡಿಸುವುದು ಎಂದು ಮಾತು. ಅಣ್ಣ ಅದನ್ನು ನಂಬಿ ಮಳಿಗೆಯನ್ನು ಇನ್ನೊಂದು ವರ್ಷಕ್ಕೆ ಉಳಿಸಿಕೊಂಡ. ಬಳೆಯ ನಕ್ಷೆಯನ್ನು ಬರೆದು, ಅಳಿಸಿ, ಮತ್ತೆ ಬರೆದ. ಅವನು ಹಾಗೆ ಗುನುಗಿಕೊಂಡು ಕೆಲಸ ಮಾಡಿದ್ದನ್ನು ನೋಡಿ ಬಹಳ ದಿನವಾಗಿತ್ತು.

ಅಡ್ಡಿಕೆ ತಂದುಕೊಡುತ್ತೇನೆಂದು ಹೇಳಿದ ದಿನ ಅವರು ಬರಲಿಲ್ಲ. ಮತ್ತೊಂದು ವಾರವೂ ಬರಲಿಲ್ಲ. ಆಮೇಲೆ ಒಂದು ಭಾನುವಾರ, ನಾನೂ ಅಲ್ಲೇ ಇದ್ದಾಗ, ಲಗ್ನಪತ್ರಿಕೆ ಹಿಡಿದುಕೊಂಡು ಬಂದರು. ಮುಖದಲ್ಲಿ ಸಂಕೋಚ.

"ಬೇಜಾರ್ ಮಾಡ್ಕಬ್ಯಾಡಿ ಆಚಾರ್ರೆ. ಮೈಸೂರ್ನಾಗೆ ತಗಂಬುಟ್ಟೊ. ಅಳೇದ್ ಕೊಟ್ರೆ ಒಸಾದು ಕೊಡ್ತಾರೆ ಅಂತ ಇತ್ತಲ್ಲ."

"ಅಡ್ಡಿಕೆ?" ಎಂದ ಅಣ್ಣ.

"ಅದ್ನೂ ಕೊಟ್ಬುಟ್ಟೊ. ನಮ್ ಮುಂದೇನೆ ಕರಗ್ಸುದ್ರು. ಕಲ್ಲು, ಅರಗು ಅಂತ ಒಸಿ ಜಾಸ್ತಿನೇ ಕಳದ್ರು."

ಆಕೆ ನನ್ನ ಕಡೆ ತಿರುಗಿದರು. ತಪ್ಪು ಮಾಡಿದವರಂತೆ ನಿಂತಿದ್ದವರಿಗೆ ನನ್ನನ್ನು ನೋಡಿ ಧೈರ್ಯ ಬಂದಂತಿತ್ತು. "ನೀವೇ ಬರ್ದಿದ್ರಲ್ಲಾ, ಮಗ್ಳು ಮೊಬೈಲ್ನಾಗೆ ಓದಿ ಏಳುದ್ಲು. ಮಾಡ್ಸೋಕ್ ಮುಂಚೆ ನಾಕ್ ಕಡೆ ಇಚಾರ್ಸಿ ಅಂತ ಬರ್ದು, ಕೆಳಗೇ ಅಂಗ್ಡಿ ತೋರ್ಸಿದ್ರಿ. ಆಚಾರ್ರ ತಮ್ಮನೇ ಏಳ್ತಾವ್ರಲ್ಲ, ಅಂಗಾರೆ ನಂಬಸ್ತ್ರೇಯ ಅಂದ್ಕಂಡೊ."

ಅದು ನನ್ನದೇ ವಾಕ್ಯ. ಅಡ್ಡಿಕೆಯ ಬಗ್ಗೆ ಬರೆದ ಬರಹದ ಕೊನೆಯ ಸಾಲು. ಅದರ ಕೆಳಗೇ ನಾನು ಇಟ್ಟ ಚೌಕ. ಮೂಲೆಯಲ್ಲಿ ಜಾಹೀರಾತು ಎಂದು ಇರುವೆಯಷ್ಟು ಅಕ್ಷರದಲ್ಲಿ ಇರುತ್ತದೆ, ಯಾರು ನೋಡುತ್ತಾರೆ? ಅದು ಜಾಹೀರಾತು, ನಾನು ಹಾಕಿದ್ದಲ್ಲ, ಕಂಪನಿಯವರು ಹಾಕುವುದು ಎಂದು ತೊದಲಿದೆ. ಆಕೆಗೆ ಅರ್ಥವಾಗಲಿಲ್ಲ. ನನ್ನ ಮನೆಯ ಗೋಡೆಯ ಮೇಲಿನ ಬೋರ್ಡು ನನ್ನದಲ್ಲ ಎಂದರೆ ಯಾರಿಗೆ ತಾನೇ ಅರ್ಥವಾಗುತ್ತದೆ. ಪತ್ರಿಕೆ ಕೊಟ್ಟು, ಇಬ್ಬರೂ ಬರಲೇಬೇಕು ಎಂದು ಹೇಳಿ ಹೋದರು.

ಅಣ್ಣ ಬಳೆಯ ನಕ್ಷೆಯ ಹಾಳೆಯನ್ನು ಮಡಚಿ ಡಬ್ಬಿಯ ಅಡಿಗೆ ಸೇರಿಸಿದ. "ನಿಂಗೇನ್ ಗೊತ್ತಿತ್ತು ಬುಡ್ಲಾ" ಎಂದ.

ಗೊತ್ತಿತ್ತು. ಆ ಗುಂಡಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಅಂದೇ ಪಾಂಡವಪುರಕ್ಕೆ ಬಂದು ಕೋಡನ್ನು ಕಿತ್ತುಹಾಕಿದೆ. ಸೇರಿದ್ದ ದುಡ್ಡು ಕೈಗೆ ಕೊಡುವ ಮಟ್ಟವನ್ನು ಇನ್ನೂ ಮುಟ್ಟಿರಲಿಲ್ಲ. ಇವತ್ತಿಗೂ ಅಲ್ಲೇ ಬಿದ್ದಿದೆ. ಆಮೇಲೆ ನಾಚಿಕೆ ಬಿಟ್ಟು, ಚೌಕವಿದ್ದ ಜಾಗದಲ್ಲೇ ಸದಸ್ಯರಾಗಿ ಎಂದು ಬರೆದೆ. ತಿಂಗಳಿಗೊಂದು ವಿಡಿಯೊ, ಅಣ್ಣನ ಕೈಯಲ್ಲಿ ಒಂದು ಒಡವೆ ಹುಟ್ಟುವುದನ್ನು ಮೊದಲಿನಿಂದ ಕೊನೆಯ ತನಕ ತೋರಿಸುತ್ತೇನೆ ಎಂದೆ. ಬರುವುದರಲ್ಲಿ ಮುಕ್ಕಾಲು ಪಾಲು ಅಣ್ಣನಿಗೇ ಕೊಡುವುದೆಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಎರಡೇ ವಾರದಲ್ಲಿ ಇಪ್ಪತ್ತಾರು ಜನ ಸೇರಿದರು. ಮೊದಲನೆಯವರು ಮೇಷ್ಟ್ರು. ಜಾಹೀರಾತಿನಿಂದ ಅಷ್ಟು ದಿನಕ್ಕೆ ಸೇರಿದ್ದಕ್ಕಿಂತ ಮೊದಲ ತಿಂಗಳಲ್ಲೇ ಹೆಚ್ಚು ಬಂತು. ಆ ಭಾನುವಾರದಿಂದ ಅಣ್ಣನಿಗೆ ಮುಖ ತೋರಿಸದೆ ಇದ್ದವನು ಕುಣಿಯುತ್ತಾ ಕೆ.ಆರ್. ಪೇಟೆಗೆ ಓಡಿದೆ.

ಮಳಿಗೆಯ ಬಾಗಿಲು ಎಳೆದಿತ್ತು. ಅಣ್ಣ ಮನೆಯಲ್ಲಿದ್ದ, ಜೇಬಿನ ಮೇಲೆ ಷೋರೂಮಿನ ಹೆಸರು ಹೊಲಿದಿದ್ದ ಮೆರೂನು ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ. ಮಳಿಗೆ ಬಿಟ್ಟು ಅವರ ರಿಪೇರಿ ವಿಭಾಗಕ್ಕೆ ಸೇರಿಕೊಂಡಿದ್ದ. ಯಾವ ಷೋರೂಮು ಎಂದು ಕೇಳಬೇಕಾಗಿರಲಿಲ್ಲ, ಅಪ್ಪನ ಅಡ್ಡಿಕೆ ಕರಗಿಸಿದ್ದೇ ಎಂದು ಶರ್ಟೇ ಹೇಳುತ್ತಿತ್ತು.

ಸದಸ್ಯರ ವಿಷಯ ಹೇಳಿದೆ. ರಜೆಯ ದಿನ ಮನೆಯಲ್ಲೇ ಕೂತು ಮಾಡಿದರೂ ಸಾಕು ಎಂದೆ.

"ಆಗಾಕಿಲ್ಲ ಕಣ್ಲಾ. ಒರಗಡೆ ಕೆಲಸ ಮಾಡಂಗಿಲ್ಲ, ವಿಡಿಯೊ ಗಿಡಿಯೊ ತಗಸ್ಕಳಂಗಿಲ್ಲ ಅಂತ ಸೈನ್ ಆಕುಸ್ಕಂಡವ್ರೆ." ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿದ. "ಎಷ್ಟ್ ಜನ ಅಂದೆ?"

"ಇಪ್ಪತ್ತಾರು."

"ಮೇಷ್ಟ್ರು ಆಗ್ಲೇ ಏಳಿದ್ರಲ್ಲ. ಕೇಳಿದ್ರೆ ಕೊಡೋರು ಅಂತ ನಾನೂ ಏಳ್ದೆ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಶರ್ಟಿನ ಕಾಲರನ್ನು ಮತ್ತೊಮ್ಮೆ ತೀಡಿದ.

ಇಪ್ಪತ್ತಾರು ಜನಕ್ಕೂ ದುಡ್ಡು ವಾಪಸು ಕಳಿಸಿದೆ. ಕಾರಣ ಏನೆಂದು ಮೇಷ್ಟ್ರು ಕೇಳಿದರು, ಅಣ್ಣನಿಗೆ ಬಿಡುವಿಲ್ಲ ಎಂದು ಸುಳ್ಳು ಹೇಳಿದೆ. ಆ ಗುಂಡಿಯ ಸಂಗತಿಯನ್ನು ಅಣ್ಣನಿಗೆ ಇವತ್ತಿನವರೆಗೂ ಹೇಳಿಲ್ಲ. ಈಗ ಇದನ್ನು ಅದೇ ಬ್ಲಾಗಿನಲ್ಲಿ ಹಾಕುತ್ತಿದ್ದೇನೆ, ಕೆಳಗೆ ಯಾವ ಚೌಕವೂ ಇಲ್ಲ. ಅಣ್ಣ ಓದುತ್ತಾನೆ ಎಂಬ ಭಯವೂ ಇಲ್ಲ. ಅವನು ನನ್ನ ಬ್ಲಾಗು ನೋಡುವುದನ್ನು ಲಗ್ನಪತ್ರಿಕೆ ಬಂದ ಆ ಭಾನುವಾರವೇ ಬಿಟ್ಟ.