ನಡುಮನೆಯ ಎಂಟು

ಚಳ್ಳಕೆರೆಯ ದಾಕ್ಷಾಯಿಣಿಗೆ ಅಂದಾಜಿನವರನ್ನು ಕಂಡರಾಗದು. ಅಂದಾಜಿನ ಮೇಲೆ ಸಾರಿಗೆ ಉಪ್ಪು ಹಾಕುವವರನ್ನು ಬೇಕಾದರೆ ಕ್ಷಮಿಸಿಯಾಳು, ಅಂದಾಜಿನ ಮೇಲೆ ಸುಡೊಕು ತುಂಬುವವರನ್ನು ಮಾತ್ರ ಇಲ್ಲ. ಅಂಥವರು ಕೈತೊಳೆಯದೆ ಊಟಕ್ಕೆ ಕೂತವರ ಹಾಗೆ ಅವಳಿಗೆ ಹೇಸಿಗೆ.

ಅಣ್ಣ ವಿಶ್ವನಾಥನ ಬಿತ್ತನೆ ಬೀಜದ ಅಂಗಡಿಯಲ್ಲಿ ಗಲ್ಲಾ ಮೇಲೆ ಕೂರುವವಳು ಅವಳೇ. ವಯಸ್ಸು ಮೂವತ್ನಾಲ್ಕು, ಓದಿದ್ದು ಬಿ.ಕಾಂ. ಶೇಂಗಾ ಬೀಜ ಕೇಳಿಕೊಂಡು ಜನ ಬರುವ ಮೊದಲು ಪೇಪರಿನ ಸುಡೊಕು ಮುಗಿಯಬೇಕು, ಅದೂ ಪೆನ್ಸಿಲ್ಲಿನಲ್ಲಿ. ದಿನವೆಲ್ಲ ಯಾರು ಯಾರದೋ ಚೌಕಾಶಿ ಕೇಳುವ ಹೆಣ್ಣುಮಗಳಿಗೆ ಅದೊಂದು ಹೊತ್ತು ಸ್ವಂತದ್ದು. ಅವಳ ಬಾಯಲ್ಲಿ ಒಂಬತ್ತು ಖಾನೆಗಳ ದೊಡ್ಡ ಚೌಕ ಎಂದರೆ ‘ಮನೆ’, ಅದರೊಳಗಿನ ಒಂದೊಂದು ಖಾನೆ ‘ಕೋಣೆ’, ಅಂಥ ಒಂಬತ್ತು ಮನೆಗಳ ಸರಿಮಧ್ಯದ್ದು ‘ನಡುಮನೆ’. ಪ್ರತಿ ಅಡ್ಡಸಾಲಿಗೆ, ಪ್ರತಿ ಕಂಬಸಾಲಿಗೆ, ಪ್ರತಿ ಮನೆಗೆ ಒಂದರಿಂದ ಒಂಬತ್ತರವರೆಗೆ ಎಲ್ಲ ಅಂಕಿಗಳೂ ಒಂದೊಂದೇ ಸಲ ಬರಬೇಕು, ಆಟ ಇಷ್ಟೇ.

ಈ ಕೋಣೆಗೆ ಯಾರು ಬರಬಹುದು ಎಂದು ಕೇಳುತ್ತ ಹೋಗುವುದು ಒಂದು ಬಗೆ. ಹಾಗೆ ಕೇಳಿದರೆ ಬಹಳ ಸಲ ಎರಡು ಮೂರು ಅಂಕಿಗಳು ಬಾಗಿಲಲ್ಲಿ ನಿಂತು ನಾನು ನಾನು ಎನ್ನುತ್ತವೆ. ಅಲ್ಲಿ ಪ್ರಶ್ನೆಯನ್ನೇ ತಿರುವಿಹಾಕಬೇಕು. ಈ ಮನೆಯಲ್ಲಿ ಎಂಟು ಎಲ್ಲಿ ಕೂರಬಹುದು? ಉಳಿದ ಕೋಣೆಗಳೆಲ್ಲ ಎಂಟಕ್ಕೆ ಮುಚ್ಚಿ ಒಂದೇ ಒಂದು ತೆರೆದಿದ್ದರೆ, ಆ ಕೋಣೆಗೆ ಇನ್ನೆಷ್ಟು ಅಂಕಿಗಳು ಹೊಂದುವಂತೆ ಕಂಡರೂ ಎಂಟು ಅಲ್ಲಿಗೇ. ಊಹೆಯ ಮಾತೇ ಇಲ್ಲ. ಇದನ್ನು ಅಂಗಡಿಯಲ್ಲಿ ಪಕ್ಕ ಕೂತ ಅಣ್ಣನಿಗೆ ಎಷ್ಟೋ ಸಲ ತೋರಿಸಿದ್ದಳು. ಅವನು ಹೂಂಗುಟ್ಟುತ್ತ ಕಲಿತೂ ಇದ್ದ.

ಒಂದು ಭಾನುವಾರ ಮೊಳಕಾಲ್ಮುರಿನಿಂದ ಗಂಡಿನವರು ಬಂದರು. ಹುಡುಗ ಸಂಗಮೇಶ್, ರೇಷ್ಮೆ ಸೀರೆಯ ವ್ಯಾಪಾರ, ಸ್ವಂತ ಮನೆ, ಜೊತೆಗೆ ತಾಯಿ. ಹಿಂದೆ ಹಿರಿಯೂರಿನ ಕಡೆ ಒಂದು ಹುಡುಗಿಗೆ ಉಂಗುರ ತೊಡಿಸಿ, ನಾಲ್ಕು ತಿಂಗಳಾದ ಮೇಲೆ ಮುರಿದುಕೊಂಡಿದ್ದರು. ಏಕೆ ಎಂದರೆ ‘ಹೊಂದಿ ಬರಲಿಲ್ಲ’ ಎಂದಷ್ಟೇ ತಾಯಿ ಹೇಳಿ, ಉಪ್ಪಿಟ್ಟು ಚೆನ್ನಾಗಿದೆ ಎಂದು ಮಾತು ತೇಲಿಸಿದರು. ದಾಕ್ಷಾಯಿಣಿಯ ತಾಯಿ ಶಿವಬಸಮ್ಮನೂ ಕೆದಕಲಿಲ್ಲ. ಮಗಳಿಗೆ ಇದು ಐದನೆಯ ಗಂಡು. ಕೆದಕುವ ಧೈರ್ಯ ಅವರಲ್ಲಿ ಉಳಿದಿರಲಿಲ್ಲ.

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆ ಬಂತು. ದಾಕ್ಷಾಯಿಣಿ ಬೆಳಿಗ್ಗೆ ಅರ್ಧ ಬಿಡಿಸಿ ಇಟ್ಟಿದ್ದ ಪೇಪರು ಟೀಪಾಯಿಯ ಮೇಲೇ ಇತ್ತು. ಸಂಗಮೇಶ್ ಬಜ್ಜಿ ಮುರಿದ ಕೈಯಲ್ಲೇ ಅದನ್ನು ಎಳೆದುಕೊಂಡ. ಎಣ್ಣೆಯ ಹೆಬ್ಬೆಟ್ಟು ಮೇಲಿನ ಸಾಲಿನ ಮೇಲೆ ಚೆನ್ನಾಗಿ ಮೂಡಿತು. ಆಮೇಲೆ ಜೇಬಿನಿಂದ ಬಾಲ್‌ಪೆನ್ನು ತೆಗೆದು, ನಡುಮನೆಯ ನಟ್ಟನಡುವಿನ ಕೋಣೆಯಲ್ಲಿ ದಪ್ಪಗೆ ಐದು ಎಂದು ಬರೆದ. ಬರೆದು, ಬೆರಳು ನೆಕ್ಕಿದ.

ದಾಕ್ಷಾಯಿಣಿಗೆ ಹೇಸಿಗೆಯಾಯಿತು. ಎಣ್ಣೆಗೆ ಅಷ್ಟಲ್ಲ, ಪೆನ್ನಿಗೂ ಅಷ್ಟಲ್ಲ, ಆ ಐದಕ್ಕೆ. ಹೆಣ್ಣು ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ಕೂತಿರಬೇಕೆಂಬ ಅವ್ವನ ಬುದ್ಧಿವಾದ ಅಲ್ಲಿಗೆ ಮರೆತುಹೋಯಿತು. ಐದು ಯಾಕೆ ಎಂದು ಕೇಳಿದಳು. ಅಲ್ಲಿಗೆ ಐದೂ ಬರುತ್ತದೆ, ಎಂಟೂ ಬರುತ್ತದೆ, ಯಾವುದೋ ಒಂದು ಹಾಕಬೇಕಲ್ಲ ಎಂದು ಅವನು ನಕ್ಕ.

ಅವಳು ಎದುರಿಗೆ ಬಂದು ಬೆರಳಿಟ್ಟು ತೋರಿಸಿದಳು. ನಡುಮನೆಯಲ್ಲಿ ಖಾಲಿ ಇದ್ದದ್ದು ನಾಲ್ಕು ಕೋಣೆ: ಮೇಲಿನ ಸಾಲಿನ ಎರಡು ಮೂಲೆ, ನಟ್ಟನಡುವಿನದು, ಕೆಳಗಿನ ಬಲಮೂಲೆ. ಎಂಟು ಈ ನಾಲ್ಕರಲ್ಲಿ ಎಲ್ಲಾದರೂ ಬರಲೇಬೇಕು.

“ಮೇಲಿನ ಅಡ್ಡಸಾಲಿನಾಗೆ ಎಡಗಡೆ ಮನೇಲಿ ಆಗ್ಲೇ ಎಂಟೈತೆ, ನೋಡ್ರಿ. ಅಂದ್ರೆ ಮೇಲಿನ ಎರಡೂ ಮೂಲೆ ಮುಚ್ಚಿದ್ವು. ಬಲಮೂಲೆ ಕಂಬಸಾಲಿನಾಗೆ ಕೆಳಗಿನ ಮನೇಲಿ ಇನ್ನೊಂದು ಎಂಟೈತೆ. ಅದೂ ಮುಚ್ಚಿತು. ಉಳಿದಿದ್ದು ನಡುವಿಂದು ಒಂದೇ. ಎಂಟು ಅಲ್ಲೇ ಕೂರ್ಬೇಕು. ನೀವು ಅಲ್ಲಿ ಐದನ್ನ ಕೂರಿಸಿದ್ರೆ ಈ ಮನೇಲಿ ಎಂಟಕ್ಕೆ ಜಾಗನೇ ಇಲ್ಲ.”

ಸಂಗಮೇಶ್ ಪೇಪರನ್ನು ನೋಡಲೂ ಇಲ್ಲ. ಅವಳ ಬೆರಳನ್ನು, ಬಳೆಯನ್ನು ನೋಡುತ್ತಿದ್ದ.

“ಹಾಕಿ ನೋಡೋದ್ರೀ, ಹೊಂದಿ ಬರ್ಲಿಲ್ಲ ಅಂದ್ರೆ ಹೊಡೆದು ಹಾಕಿದ್ರಾಯ್ತು,” ಎಂದ. “ಅದಕ್ಯಾಕೆ ಇಷ್ಟು ತಲೆಬಿಸಿ?”

ಹೊಂದಿ ಬರಲಿಲ್ಲ. ತಾಯಿ ಆಡಿದ ಮಾತೇ ಮಗನ ಬಾಯಲ್ಲೂ ಬಂತು. ಹಿರಿಯೂರಿನ ಆ ಹುಡುಗಿಯ ಹೆಸರೂ ದಾಕ್ಷಾಯಿಣಿಗೆ ಗೊತ್ತಿರಲಿಲ್ಲ, ಆದರೆ ಅವಳನ್ನು ಹೇಗೆ ಹಾಕಿ ನೋಡಿ ಹೊಡೆದು ಹಾಕಿದರೆಂಬುದು ಆ ಕ್ಷಣಕ್ಕೆ ಸ್ಪಷ್ಟವಾಗಿ ಕಂಡಿತು. ಇಂಥವನ ಎಂಜಲು ಬೆರಳು ನಾಳೆ ನನ್ನ ಬದುಕಿನ ಮೇಲೂ ಹೀಗೇ ಬೀಳುತ್ತದೆ ಎನಿಸಿತು. ತಟ್ಟೆ ಎತ್ತಿಕೊಂಡು ಒಳಗೆ ಹೋದವಳು, ಅವರು ಹೊರಡುವವರೆಗೂ ಹೊರಗೆ ಬರಲಿಲ್ಲ.

ಗಂಡಿನವರಿಗೆ ಹುಡುಗಿ ಒಪ್ಪಿಗೆಯಾಗಿದ್ದಳು. ಮೊಳಕಾಲ್ಮುರು ಮುಟ್ಟುತ್ತಲೇ ಫೋನ್ ಮಾಡಿ ಹೇಳಿದರು, ಸಂಜೆಯೊಳಗೆ ಇವರ ಮಾತು ತಿಳಿಸಬೇಕಂತೆ. ದಾಕ್ಷಾಯಿಣಿ ಬೇಡ ಎಂದಳು. ಒಂದು ಸುಡೊಕುವಿಗೋಸ್ಕರ ಸಂಬಂಧ ಬಿಡುವವರುಂಟೇ ಎಂದು ಶಿವಬಸಮ್ಮ ಹಣೆ ಬಡಿದುಕೊಂಡರು. ಮದುವೆ ಆಗದೆ ಹುಚ್ಚು ಬಿಡೋದಿಲ್ಲ, ಹುಚ್ಚು ಬಿಡದೆ ಮದುವೆ ಆಗೋದಿಲ್ಲ ಎಂಬ ಹಳೆಯ ಮಾತು ಅವರಿಗೆ ಆವತ್ತು ಮಗಳನ್ನು ನೋಡಿಯೇ ಹುಟ್ಟಿದಂತೆ ಕಂಡಿತು.

ವಿಶ್ವನಾಥ ಕೂಗಾಡುವ ಆಸಾಮಿಯಲ್ಲ. ತಂಗಿಯ ಪಕ್ಕ ಕೂತು, ಅವಳು ಕಲಿಸಿದ್ದನ್ನೇ ಅವಳ ಮುಂದೆ ಹರಡಿದ.

“ನೀನೇ ಹೇಳ್ತೀಯಲ್ಲ ದಾಕ್ಷಿ. ಎಲ್ಲಾ ಬಾಗಿಲು ಮುಚ್ಚಿ ಒಂದೇ ಉಳಿದ್ರೆ, ಅದು ಹಿಡಿಸ್ಲಿ ಬಿಡ್ಲಿ, ಅಲ್ಲೇ ಕೂರ್ಬೇಕು ಅಂತ. ದಾವಣಗೆರೆಯೋರು ವಯಸ್ಸಾತು ಅಂದ್ರು. ಇಬ್ರಿಗೆ ನೀನು ಕಪ್ಪಾದಿ. ಇನ್ನೊಬ್ರಿಗೆ ನಮ್ಮ ಅಂಗಡಿ ಸಣ್ಣದಾತು. ನಾಲ್ಕೂ ಮುಚ್ಚಿದ್ವು. ಉಳಿದಿದ್ದು ಮೊಳಕಾಲ್ಮುರು ಒಂದೇ. ನಿನ್ನ ಲೆಕ್ಕನೇ ಅಲ್ವಾ ಇದು?”

ಅವಳಿಗೆ ಅಣ್ಣನ ಮೇಲೆ ಸಿಟ್ಟಿಗಿಂತ ಅಸಹ್ಯ ಬಂದಿತ್ತು. ತನ್ನ ಒಂದೇ ಸುಖವನ್ನು ತಂದು ತನ್ನ ಕುತ್ತಿಗೆಗೇ ಕಟ್ಟುತ್ತಿದ್ದಾನಲ್ಲ ಎಂದು. ಅದಕ್ಕಿಂತ ಕೆಟ್ಟದ್ದೆಂದರೆ, ಒಂದು ಗಳಿಗೆ ಅವನ ಲೆಕ್ಕ ಸರಿಯೆಂದೇ ಕಂಡಿತು. ಆಮೇಲೆ ತಪ್ಪು ಸಿಕ್ಕಿತು.

“ಎಂಟು ಆ ಮನೇಲಿ ಬರ್ಲೇಬೇಕು ಅಂತ ಮೊದ್ಲೇ ನಿಯಮ ಐತಣ್ಣ. ಅದಕ್ಕೇ ಉಳಿದಿದ್ದು ಒಂದೇ ಕೋಣೆ ಅಂದ್ರೆ ಅದೇ ಉತ್ತರ. ಆ ನಿಯಮ ತೆಗೆದುಬಿಡು, ಎಲ್ಲಾ ಮುಚ್ಚಿ ಒಂದೇ ಉಳಿದಿದ್ರೂ ಏನೂ ಸಾಬೀತಾಗಲ್ಲ. ನಾನು ಯಾವುದಾದ್ರೂ ಒಂದು ಮನೆ ಸೇರ್ಲೇಬೇಕು ಅಂತ ನಿಯಮ ಮಾಡಿದೋರು ಯಾರು?”

ವಿಶ್ವನಾಥ ಊರು ಅನ್ನುತ್ತೆ, ಜನ ಅನ್ನುತ್ತಾರೆ ಎಂದು ಏನೇನೋ ಗೊಣಗಿದ. ಅವ್ವನ ಕಡೆ ನೋಡಿದ. ಶಿವಬಸಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದರು. ತಲೆ ಎತ್ತದೆಯೇ, ಅವಳಿಗೆ ಬೇಡಾದ್ರೆ ಬೇಡ ಬಿಡು ಎಂದರು.

ಅವನು ಅಂಗಳಕ್ಕೆ ಹೋಗಿ ಮೊಳಕಾಲ್ಮುರಿಗೆ ಫೋನ್ ಹಚ್ಚಿದ. ಎತ್ತಿದವರು ಸಂಗಮೇಶನ ತಾಯಿ. ಕಿಟಕಿಯಿಂದ ಎಲ್ಲವೂ ಕೇಳುತ್ತಿತ್ತು. ನಮಸ್ಕಾರ, ಕ್ಷೇಮ, ಮಳೆಯ ಮಾತು. ಆಮೇಲೆ ದನಿ ತಗ್ಗಿಸಿ, ಅಯ್ಯನೋರ ಹತ್ರ ಜಾತಕ ಕೊಟ್ಟು ಕೇಳಿಸಿದ್ವಿ, ಸಾಲಾವಳಿ ಹೊಂದಿ ಬರ್ಲಿಲ್ರೀ ಎಂದ.

ದಾಕ್ಷಾಯಿಣಿ ಹೊರಗೆ ಬಂದು ಅವನ ಕೈಯಿಂದ ಫೋನ್ ತೆಗೆದುಕೊಂಡಳು.

“ಸಾಲಾವಳಿ ಯಾರೂ ಕೇಳ್ಸಿಲ್ರೀ,” ಎಂದಳು. “ನಾನೇ ಬೇಡ ಅಂದೆ. ಯಾಕೆ ಅಂತ ಹೇಳ್ತೀನಿ, ನಿಮ್ಮ ಮಗನ ಕೈಗೆ ಫೋನ್ ಕೊಡ್ರಿ.”