ಮಾಳಿಗೆ ನಡುವಿನ ಗೋಡೆ

ಹಾರೂಗೇರಿಯ ನಮ್ಮ ಮನೆ ಪಾಲಾದಾಗ ಅಣ್ಣನೂ ನಾನೂ ಹೊಲ, ಎಮ್ಮೆ, ತಾಮ್ರದ ಹಂಡೆ ಎಲ್ಲವನ್ನೂ ಹಂಚಿಕೊಂಡೆವು. ಕಡೆಗೆ ಮಾಳಿಗೆಯ ನಡುವೆಯೂ ಆಳೆತ್ತರದ ಗೋಡೆ ಎಬ್ಬಿಸಿದೆವು. ಸ್ಲ್ಯಾಬಿನ ಇಳಿಜಾರು ಪೂರ್ತಿ ಅಣ್ಣನ ಕಡೆಗೆ. ನೀರು ಇಳಿಯುವ ಪೈಪೂ ಅಲ್ಲೇ.

"ನಮ್ಮ ಕಡಿ ಮಳಿನೀರ ಎಲ್ಲಿ ಹೋಗಬೇಕ್ರಿ? ಬುಡಕ್ಕ ಒಂದ ಕಿಂಡಿ ಬಿಡಸ್ರಿ," ಎಂದಳು ನನ್ನ ಹೆಂಡತಿ. ಯಾರು ಕೇಳಬೇಕು? ನಾವಿಬ್ಬರೂ ಒಂದೇ ತಾಯಿಯ ಮಕ್ಕಳು ಎಂಬುದು ಹಟದಲ್ಲಷ್ಟೇ ಉಳಿದಿತ್ತು. ಅಂದಿನಿಂದ ಮಾತೂ ನಿಂತಿತು.

ಗೋಡೆಯ ಬುಡದಲ್ಲಿ ನೀರು ನಿಲ್ಲತೊಡಗಿತು. ಮೊದಲ ಮಳೆಗಾಲಕ್ಕೆ ಏನೂ ಆಗಲಿಲ್ಲ. ಆಮೇಲೆ ಮಲಗುವ ಕೋಣೆಯ ಛತ್ತಿನಲ್ಲಿ ಕಂದು ಕಲೆ ಮೂಡಿತು, ಬಣ್ಣ ಹಪ್ಪಳದಂತೆ ಎದ್ದಿತು, ಉಪ್ಪಿನಂಥ ಬಿಳಿ ಪುಡಿ ಉದುರಿತು. ಮೇಲೆ ಕೆಮಿಕಲ್ ಬಳಿಸಿದೆ, ಕೆಳಗೆ ಬಣ್ಣ ಹೊಡೆಸಿದೆ. ಕಲೆ ಮತ್ತೆ ಬಂತು. ಈ ನಡುವೆ ಹೆಂಡತಿ ತೀರಿಕೊಂಡಳು. ಒಬ್ಬನೇ ಮಲಗಿ ಆ ಕಲೆ ನೋಡುವುದೇ ನನ್ನ ಕೆಲಸವಾಯಿತು.

ಒಂದು ಮುಂಜಾನೆ ಅವಳು ಮಲಗುತ್ತಿದ್ದ ಬದಿಗೇ ಗಿಲಾವು ಕಳಚಿ ಬಿತ್ತು. ಒಳಗಿನ ಕಬ್ಬಿಣದ ಸಳಿ ತುಕ್ಕು ಹಿಡಿದು ಉಬ್ಬಿತ್ತು. ಗೌಂಡಿ ಬಂದು ನೋಡಿದ.

"ಸಳಿ ತಿಕ್ಕಿ ಗಿಲಾವ ಮಾಡತೇನ್ರಿ. ಆದ್ರ ಮ್ಯಾಲ ನೀರ ನಿಂತ್ರ ಯಾವ ಕೆಮಿಕಲ್ಲೂ ತಾಳೂದಿಲ್ಲ."

"ಇಳಿಜಾರ ನನ್ನ ಕಡಿ ತಿರುಗಿಸು."

"ಗ್ವಾಡಿ ಬುಡಕ್ಕ ಗೇಣ ದಪ್ಪ ಕಾಂಕ್ರೀಟ್ ಹಾಕಬೇಕಾಕ್ಕತಿ. ಸೋರಿದ ಸ್ಲ್ಯಾಬಿನ ಮ್ಯಾಲ ಅಷ್ಟ ಭಾರ ಬ್ಯಾಡ್ರಿ. ಕಿಂಡಿ ಬಿಡೂದೊಂದ ದಾರಿ. ಅಣ್ಣಾರ್ನ ಕೇಳ್ರಿ. ಇಲ್ಲಾಂದ್ರ ಈ ಖೋಲಿ ಬಿಡ್ರಿ."

ಆ ಕೋಣೆ ಬಿಡುವುದೆಂದರೆ ಅವಳನ್ನು ಇನ್ನೊಮ್ಮೆ ಕಳೆದುಕೊಂಡಂತೆ. ನನಗೆ ಹೆದರಿಕೆಯಾಯಿತು. ಮಾಳಿಗೆ ಹತ್ತಿದೆ. ಗೋಡೆಯಾಚೆ ಅಣ್ಣ ಒಣಗಿದ ಅರಿಶಿನ ಗುಡಿಸಿ ರಾಶಿ ಮಾಡುವ ಸದ್ದು ಕೇಳುತ್ತಿತ್ತು. ಗೋಡೆಯ ಹತ್ತಿರ ಹೋಗಿ ಕೂಗಿದೆ. "ಅಣ್ಣಾ, ಗ್ವಾಡಿಗೆ ಒಂದ ಕಿಂಡಿ ಒಡಸಲ್ಯಾ?"

ಸದ್ದು ನಿಂತಿತು. "ನಿನ್ನ ಹೆಂಡ್ತಿ ಅವತ್ತ ಹೇಳಿದ್ಲಲ್ಲೋ," ಎಂದ ಅಣ್ಣ. "ಒಡಸು."

ಮುಂಗಾರಿನ ಮೊದಲ ಮಳೆಗೆ ಕೊಡೆ ಹಿಡಿದು ಮೇಲೆ ನಿಂತೆ. ನೀರು ಕಿಂಡಿಯತ್ತ ಸರಿದು, ಅಲ್ಲೇ ತಡೆದು, ಹಿಂದಕ್ಕೆ ಬರತೊಡಗಿತು. ಬಗ್ಗಿ ಕಿಂಡಿಯಲ್ಲಿ ಇಣುಕಿದೆ. ಅಷ್ಟರಲ್ಲಿ ಆಚೆ ಕಸಬರಿಗೆ ಆಡಿತು. ಪೈಪಿನ ಬಾಯಿಗೆ ಸಿಕ್ಕಿದ್ದ ಅರಿಶಿನದ ಸಿಪ್ಪೆಯನ್ನು ಅಣ್ಣ ತೆಗೆಯುತ್ತಿದ್ದ. ನೀರು ಗಳಗಳ ಇಳಿಯಿತು.

"ಹೋತೇನೋ?"

"ಹೋತಣ್ಣಾ."

ಅಣ್ಣ ಮಾತಾಡಿದ ಎಂದು ಹೆಂಡತಿಗೆ ಹೇಳಲು ಅವಸರದಲ್ಲಿ ಮೆಟ್ಟಿಲಿಳಿದೆ. ಕೋಣೆಯ ಬಾಗಿಲಲ್ಲಿ, ಅವಳ ಹೆಸರು ಬಾಯಿಗೆ ಬಂದ ಮೇಲೆ, ಅವಳಿಲ್ಲವೆಂಬುದು ನೆನಪಾಯಿತು.